ಯಜಮಾನ ಮಾರಿದ ಜಮೀನು: ಅವಶ್ಯಕತೆ ರುಜುಪಡಿಸುವ ಭಾರ ಯಾರದು?

ಕೇಳುಗರಿಗೆ ನಮಸ್ಕಾರ. ಜಮೀನು ಕೊಳ್ಳಲು ಮುಂಗಡ ಹಣ ಎಣಿಸಿಟ್ಟವರೂ, ಅಪ್ಪ ಜಮೀನು ಮಾರಿದ್ದನ್ನು ತಡವಾಗಿ ತಿಳಿದ ಮಕ್ಕಳೂ ಇದನ್ನು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ಹಿಂದೂ ಅವಿಭಕ್ತ ಕುಟುಂಬದ ಯಜಮಾನ, ಅಂದರೆ ಕರ್ತ, ಉಳಿದವರ ಸಹಿ ಇಲ್ಲದೆಯೂ ಕುಟುಂಬದ ಆಸ್ತಿಯನ್ನು ಮಾರಬಹುದು. ಆದರೆ ಆ ಮಾರಾಟಕ್ಕೆ ಕುಟುಂಬದ ಅವಶ್ಯಕತೆ ಇರಬೇಕು, ಇಲ್ಲವೇ ಆಸ್ತಿಗೆ ಅದರಿಂದ ಲಾಭವಾಗಬೇಕು. ಮದುವೆ, ಔಷಧೋಪಚಾರ, ಕಂದಾಯದ ಬಾಕಿ, ಮನೆಯವರ ಹೊಟ್ಟೆಪಾಡು ಇವೆಲ್ಲ ಅವಶ್ಯಕತೆಗಳೇ. ಇದನ್ನು ರುಜುಪಡಿಸಬೇಕಾದವರು ಕೊಂಡವರು, ಮಕ್ಕಳಲ್ಲ.

ನಾನು ನಡೆಸಿದ ಒಂದು ದಾವೆಯ ವಿಷಯ ಹೇಳುತ್ತೇನೆ. ತಂದೆ ಎರಡು ಎಕರೆ ಪಿತ್ರಾರ್ಜಿತ ಜಮೀನನ್ನು ಮಾರಿದ್ದರು. ‘ಮಗಳ ಮದುವೆಯ ಖರ್ಚಿಗೂ ಕೈಸಾಲ ತೀರಿಸಲೂ’ ಎಂದು ಕ್ರಯಪತ್ರದಲ್ಲಿ ಚೆಂದವಾಗಿ ಬರೆಸಿದ್ದರು. ಮಕ್ಕಳ ಪರವಾಗಿ ನಾನು ಪಾಟೀಸವಾಲಿಗೆ ನಿಂತೆ. ಮದುವೆ ಯಾವಾಗ ನಡೆಯಿತು ಎಂದು ಕೊಂಡವರನ್ನು ಕೇಳಿದೆ. ಗೊತ್ತಿಲ್ಲ ಎಂದರು. ಅದು ಕ್ರಯಕ್ಕೆ ನಾಲ್ಕು ವರ್ಷ ಮೊದಲೇ ಮುಗಿದಿತ್ತು. ಸಾಲ ಕೊಟ್ಟವರು ಯಾರು? ಅದೂ ಗೊತ್ತಿಲ್ಲ. ಊರಿನಲ್ಲಿ ವಿಚಾರಿಸಿದಿರಾ? ‘ಯಜಮಾನರೇ ಹೇಳಿದ ಮೇಲೆ ವಿಚಾರಿಸುವುದೇನಿದೆ?’ ಎಂದರು. ಆ ಒಂದು ಉತ್ತರದಿಂದ ಅವರ ಪಕ್ಷ ಕುಸಿಯಿತು. ಕ್ರಯವು ತಂದೆಯ ಪಾಲಿಗಷ್ಟೇ ಉಳಿಯಿತು, ಮಕ್ಕಳ ಪಾಲು ಮಕ್ಕಳಿಗೇ ಬಂತು. ಪತ್ರದಲ್ಲಿ ಬರೆಸಿದ ಕಾರಣ ಪುರಾವೆಯಲ್ಲ ಎಂದು ಎಷ್ಟು ಸಲ ಹೇಳಿದರೂ ಜನ ಪತ್ರವನ್ನೇ ನೆಚ್ಚಿಕೊಳ್ಳುತ್ತಾರೆ!

ಜಮೀನು ಕೊಂಡ ಆ ಮನುಷ್ಯ ಸಾಲ ಕೊಟ್ಟವರನ್ನು ಕಂಡು, ಸಾಲದ ಪತ್ರ ನೋಡಿ, ಪ್ರಾಮಾಣಿಕವಾಗಿ ವಿಚಾರಿಸಿದ್ದರೆ ಗೆಲ್ಲುತ್ತಿದ್ದರು. ಆಮೇಲೆ ಯಜಮಾನ ಹಣವನ್ನು ಹೇಗೆ ಖರ್ಚು ಮಾಡಿದನೆಂಬುದಕ್ಕೆ ಕೊಂಡವರು ಹೊಣೆಯಲ್ಲ. 1856ರಲ್ಲಿ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದ ಈ ಮಾತು ಇಂದಿಗೂ ನಡೆಯುತ್ತಿದೆ. ಪ್ರತಿ ರೂಪಾಯಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. 1927ರ ಒಂದು ಪ್ರಕರಣದಲ್ಲಿ 3,500 ರೂಪಾಯಿಯ ಕ್ರಯದಲ್ಲಿ 3,000ಕ್ಕೆ ಅವಶ್ಯಕತೆ ರುಜುವಾಗಿತ್ತು, ಕ್ರಯ ಊರ್ಜಿತವಾಯಿತು.

ಸಮಯ ಕಡಿಮೆ ಉಳಿದಿದೆ, ಮಕ್ಕಳಿಗೆ ಎರಡು ಮಾತು ಹೇಳಿಬಿಡುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಹಕ್ಕುಳ್ಳ ಸಹದಾಯಿಗಳು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ಕ್ರಯವನ್ನು ಆ ತಿದ್ದುಪಡಿಯ ಬಲದಿಂದ ಅಲುಗಾಡಿಸಲಾಗದು. ಇನ್ನು, ಅಪ್ಪ ಮಾರಲು ಹೊರಟಿದ್ದಾರೆ, ತಡೆಯಾಜ್ಞೆ ಕೊಡಿಸಿ ಎಂದು ಅನೇಕರು ಬರುತ್ತಾರೆ. 1988ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶವಿಲ್ಲ ಎಂದಿದೆ. ಕ್ರಯವಾದ ಮೇಲೆಯೇ ಅದನ್ನು ಪ್ರಶ್ನಿಸಬೇಕು. ತಂದೆ ಮಾಡಿದ ಕ್ರಯವಾದರೆ, ಕೊಂಡವರು ಜಮೀನಿನ ಸ್ವಾಧೀನ ಪಡೆದ ದಿನದಿಂದ 12 ವರ್ಷಗಳೊಳಗೆ ದಾವೆ ಹೂಡಬೇಕು.