ರಾತ್ರಿಯ ಕೆಮ್ಮು ಮತ್ತು ಹಾರ್ಡ್‌ನರ್ ಡಬ್ಬ

ಕೇಳುಗರಿಗೆ ನಮಸ್ಕಾರ. ಇಂಡಸ್ಟ್ರಿಯಲ್ ಸೇಫ್ಟಿ ಓದುತ್ತಿರುವ ವಿದ್ಯಾರ್ಥಿಗಳಿಗೆಂದೇ ಇವತ್ತಿನ ಈ ಮಾತು. ವಿಷಶಾಸ್ತ್ರದ ಮೊದಲ ಪಾಠವನ್ನು ಒಂದು ಗ್ಯಾರೇಜಿನೊಳಗೆ ನಿಂತು ನೋಡೋಣ.

ಶಿವಮೊಗ್ಗದಲ್ಲಿ ಕಾರುಗಳಿಗೆ ಡೆಂಟಿಂಗ್, ಪೇಂಟಿಂಗ್ ಮಾಡುವ ಶೆಡ್ ಅದು. ಹೆಸರು ಬೇಡ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರ. ಜುಲೈ ತಿಂಗಳು, ಹೊರಗೆ ಬಿಡದೆ ಸುರಿಯುವ ಮಳೆ. ಹಸಿ ಬಣ್ಣದ ಮೇಲೆ ಎರಚಲು ಬೀಳಬಾರದೆಂದು ಶಟರ್ ಪೂರ್ತಿ ಇಳಿಸಿದ್ದರು. ಒಳಗೆ ಇಪ್ಪತ್ಮೂರು ವರ್ಷದ ಹುಡುಗನೊಬ್ಬ ಸ್ಪ್ರೇ ಗನ್ ಹಿಡಿದಿದ್ದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ, ಅಷ್ಟೆ.

ಆ ಶೆಡ್ಡಿನಲ್ಲಿ ಮೊದಲು ಮೂಗಿಗೆ ಬಡಿಯುವುದು ಥಿನ್ನರ್. ಅದರಲ್ಲಿ ಸಾಮಾನ್ಯವಾಗಿ ಟಾಲ್ವೀನ್ ಇರುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿ ಟಾಲ್ವೀನ್‌ಗೆ ಕೊಟ್ಟಿದ್ದ ಎಂಟು ಗಂಟೆಯ ಸರಾಸರಿ ಮಿತಿ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ. ಈಗ ಲೆಕ್ಕ ಹಾಕಿ. ಒಂದು ಸಣ್ಣ ಲೋಟದಷ್ಟು, 100 ಮಿಲಿ ಟಾಲ್ವೀನ್ ನೆಲಕ್ಕೆ ಚೆಲ್ಲಿ ಪೂರ್ತಿ ಆವಿಯಾಯಿತು ಎನ್ನಿ. ಅದರ ತೂಕ ಸುಮಾರು 87 ಗ್ರಾಂ. ಆವಿಯಾದರೆ 23 ಲೀಟರ್. ಶೆಡ್ಡಿನ ಗಾಳಿ 60 ಸಾವಿರ ಲೀಟರ್. ಭಾಗಿಸಿದರೆ ಸುಮಾರು 380 ಪಿಪಿಎಂ, ಮಿತಿಯ ನಾಲ್ಕು ಪಟ್ಟಿನ ಹತ್ತಿರ. ಶಟರ್ ಮುಚ್ಚಿದ್ದಕ್ಕೆ ಈ ಸಂಖ್ಯೆ ಬಂತು. ತೆರೆದಿದ್ದರೆ ಗಾಳಿ ಅದನ್ನು ಹೊತ್ತೊಯ್ಯುತ್ತಿತ್ತು.

ಇಷ್ಟು ಟಾಲ್ವೀನ್ ಇದ್ದ ಕಡೆ ಹತ್ತು ಜನರನ್ನು ನಿಲ್ಲಿಸಿದರೆ ಕೆಲವರಿಗೆ ತಲೆನೋವು, ತಲೆಸುತ್ತು ಬರುತ್ತದೆ. ಪ್ರಮಾಣ ಏರಿಸಿದರೆ ಇನ್ನಷ್ಟು ಜನರಿಗೆ ಬರುತ್ತದೆ, ಬಂದವರಿಗೂ ಜೋರಾಗುತ್ತದೆ. ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಯಾರಿಗೂ ಏನೂ ಕಾಣುವುದಿಲ್ಲ. ಇದನ್ನೇ ಡೋಸ್-ರೆಸ್ಪಾನ್ಸ್ ಎನ್ನುವುದು. ಮಳೆಯಲ್ಲಿ ಹತ್ತು ಹೆಜ್ಜೆ ಓಡಿದವನಿಗೂ ಅರ್ಧ ಗಂಟೆ ನಿಂತವನಿಗೂ ಇರುವ ವ್ಯತ್ಯಾಸದ ಹಾಗೆ. ಹೊರಗೆ ಬಂದು ಗಾಳಿ ಕುಡಿದರೆ ತಲೆಸುತ್ತು ಇಳಿಯುತ್ತದೆ. ಇದು ತಕ್ಷಣದ, ಅಂದರೆ ಅಕ್ಯೂಟ್ ಪರಿಣಾಮ. ಇದೇ ಟಾಲ್ವೀನನ್ನು ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಉಸಿರಾಡಿದವರ ಮಿದುಳು, ನರಗಳಿಗೆ ಆಗುವ ಹಾನಿ ಸಂಜೆ ಇಳಿಯುವುದಿಲ್ಲ. ಅದು ದೀರ್ಘಕಾಲದ, ಕ್ರಾನಿಕ್ ಪರಿಣಾಮ. ಒಂದೇ ವಸ್ತು, ಎರಡು ಬೇರೆ ಕಾಯಿಲೆ. "ಇವತ್ತು ತಲೆನೋವು ಬರಲಿಲ್ಲ, ಹಾಗಾಗಿ ತೊಂದರೆಯಿಲ್ಲ" ಎಂಬ ತೀರ್ಮಾನ ತಪ್ಪಾಗುವುದು ಇದಕ್ಕೇ.

ಆದರೆ ಆ ಹುಡುಗನನ್ನು ಕೆಡವಿದ್ದು ಥಿನ್ನರ್ ಅಲ್ಲ.

ಅವನಿಗೆ ಕೆಮ್ಮು ಶುರುವಾಗಿ ಎರಡು ತಿಂಗಳಾಗಿತ್ತು. ಕೆಲಸದಲ್ಲಿದ್ದಾಗ ಏನೂ ಇಲ್ಲ, ಮನೆಗೆ ಹೋಗಿ ಊಟ ಮಾಡಿ ಮಲಗಿದ ಮೇಲೆ ಎದೆ ಬಿಗಿದು ಸಿಳ್ಳೆ ಹೊಡೆದ ಹಾಗೆ ಉಸಿರು. ಮನೆಯವರು "ಮಲೆನಾಡಿನ ಥಂಡಿ ಕಣೋ, ಕಷಾಯ ಕುಡಿ" ಅಂದರು. ಅವರನ್ನು ದೂರಲಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಯಾರು ತಾನೇ ಕೆಮ್ಮುವುದಿಲ್ಲ? ನಾನು ಕೇಳಿದ ಪ್ರಶ್ನೆ ಒಂದೇ: "ರಜೆಯಲ್ಲಿ ಹೇಗಿರುತ್ತಪ್ಪಾ?" ಅವನು ಸ್ವಲ್ಪ ಯೋಚಿಸಿ ಹೇಳಿದ: "ಹಬ್ಬಕ್ಕೆ ಊರಿಗೆ ಹೋದಾಗ ಒಂದು ವಾರ ಕೆಮ್ಮೇ ಇರಲಿಲ್ಲ ಸರ್." ಅವನ ಊರು ಆಗುಂಬೆಯ ಹತ್ತಿರ. ಶಿವಮೊಗ್ಗಕ್ಕಿಂತ ಮಳೆಯೂ ಹೆಚ್ಚು, ಥಂಡಿಯೂ ಹೆಚ್ಚು. ಥಂಡಿಯ ಕೆಮ್ಮು ಆಗುಂಬೆಯಲ್ಲಿ ವಾಸಿಯಾಗುತ್ತದೆಯೇ?

ಅವನು ಹೊಡೆಯುತ್ತಿದ್ದದ್ದು ಟು-ಪ್ಯಾಕ್ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್. ಬಣ್ಣದ ಡಬ್ಬ ಒಂದು, ಹಾರ್ಡ್‌ನರ್ ಡಬ್ಬ ಒಂದು, ಬೆರೆಸಿದರೆ ಗಟ್ಟಿಯಾಗುತ್ತದೆ. ಆ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಇದು ನೀರಿನೊಂದಿಗೂ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಮಳೆಗಾಲದಲ್ಲಿ ತೇವ ಹೊಕ್ಕ ಡಬ್ಬವನ್ನು ಬಿಗಿಯಾಗಿ ಮುಚ್ಚಿಟ್ಟರೆ ಅದು ಉಬ್ಬಿಕೊಳ್ಳುವುದು ಅದಕ್ಕೇ. ಆ ಶೆಡ್ಡಿನ ಮೂಲೆಯಲ್ಲೂ ಹಾಗೆ ಹೊಟ್ಟೆಯುಬ್ಬಿದ ಡಬ್ಬ ಒಂದಿತ್ತು.

ಐಸೊಸೈನೇಟ್ ಒಂದು ಸೆನ್ಸಿಟೈಸರ್. ಮೊದಲ ಕೆಲವು ತಿಂಗಳು, ಕೆಲವರಿಗೆ ವರ್ಷಗಳು, ಏನೂ ಆಗುವುದಿಲ್ಲ. ಅಷ್ಟರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಗುರುತು ಬಿದ್ದ ಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಏನೂ ಮಾಡದ ಪ್ರಮಾಣ ಇವನಿಗೆ ಆಸ್ತಮಾ ತರುತ್ತದೆ. ಅದೂ ಎಷ್ಟೋ ಸಲ ನಾಲ್ಕೆಂಟು ಗಂಟೆ ತಡವಾಗಿ, ಅಂದರೆ ರಾತ್ರಿ. ಕೆಲಸಕ್ಕೂ ಕಾಯಿಲೆಗೂ ನಂಟು ಕಾಣದೆ ಹೋಗುವುದು ಇಲ್ಲೇ.

ಪ್ರಮಾಣದ ಮಾತು ಇಲ್ಲೂ ಇದೆ, ಆದರೆ ಅಳತೆ ಬೇರೆ. ಹೆಚ್‌ಡಿಐ ಎಂಬ ಐಸೊಸೈನೇಟ್‌ಗೆ ಅಮೆರಿಕದ ಎಸಿಜಿಐಹೆಚ್ ಸಂಸ್ಥೆ ಕೊಟ್ಟ ಮಿತಿ 0.005 ಪಿಪಿಎಂ. ಅದೇ ಶೆಡ್ಡಿಗೆ ಲೆಕ್ಕ ಹಾಕಿದರೆ ಇಡೀ ಗಾಳಿಯಲ್ಲಿ ಸುಮಾರು ಎರಡು ಮಿಲಿಗ್ರಾಂ. ಒಂದು ಅಕ್ಕಿಕಾಳಿನ ಹತ್ತನೇ ಒಂದು ಭಾಗದಷ್ಟು. ಈ ಮಟ್ಟದಲ್ಲಿ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಬರುವ ವಾಸನೆ ಥಿನ್ನರಿನದು. ಅದು ಹೋಯಿತೆಂದರೆ ಐಸೊಸೈನೇಟ್ ಹೋಯಿತೆಂದಲ್ಲ. ಇನ್ನೊಂದು ಮಾತು. ಈಗಿನ ಹಾರ್ಡ್‌ನರ್‌ಗಳಲ್ಲಿ ಹೆಚ್ಚಿನ ಪಾಲು ಹೆಚ್‌ಡಿಐನ ಪಾಲಿಮರ್. ಅದು ಆವಿಯಾಗಿ ಅಲ್ಲ, ಗನ್ನಿನಿಂದ ಹೊರಟ ಮಂಜಾಗಿ ಒಳಗೆ ಹೋಗುತ್ತದೆ. ಆವಿಯನ್ನಷ್ಟೇ ಅಳೆದು "ಸರಿಯಿದೆ" ಎಂದು ಬರೆದುಕೊಡುವ ರಿಪೋರ್ಟು ನೋಡಿದರೆ ನನಗೆ ಭಯವಾಗುತ್ತದೆ. ಕೈಗೆ ಮೆತ್ತಿಕೊಂಡದ್ದರಿಂದಲೂ ಈ ಅಲರ್ಜಿ ಶುರುವಾಗಬಹುದು.

ನಾವು ಹುಡುಗನ ಕೈಗೆ ಪೀಕ್ ಫ್ಲೋ ಮೀಟರ್ ಕೊಟ್ಟೆವು. ಜೋರಾಗಿ ಊದಿದರೆ ಮುಳ್ಳು ಸರಿಯುವ ಪ್ಲಾಸ್ಟಿಕ್ ಕೊಳವೆ ಅದು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಮೂರು ಬಾರಿ ಊದಿ ಹೆಚ್ಚಿನದನ್ನು ಬರೆಯಬೇಕು, ರಜಾದಿನವೂ ಸೇರಿ ನಾಲ್ಕು ವಾರ. ಭಾನುವಾರ ನಿಮಿಷಕ್ಕೆ 520 ಲೀಟರ್ ಇದ್ದದ್ದು ಬುಧವಾರ ರಾತ್ರಿ 390ಕ್ಕೆ ಇಳಿದಿತ್ತು. ಮುಂದಿನ ಭಾನುವಾರ ಮತ್ತೆ ಮೇಲೆ. ನಾಲ್ಕು ವಾರವೂ ಅದೇ ಏರಿಳಿತ. ಆ ಹಾಳೆ ಹಿಡಿದುಕೊಂಡೇ ಎದೆರೋಗದ ವೈದ್ಯರ ಬಳಿ ಹೋದೆವು.

ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗಳು ಕೈಯ ಗ್ರೀಸು ತೆಗೆಯಲು ಪೆಟ್ರೋಲಿನಲ್ಲಿ ಕೈ ತೊಳೆಯುತ್ತಿದ್ದರು. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಅದು ರಕ್ತದ ಕ್ಯಾನ್ಸರ್ ತರುವಂಥದ್ದು. ಇಲ್ಲಿ ಲೆಕ್ಕ ಮೂರನೆಯ ಬಗೆಯದು. ಪ್ರಮಾಣ ಕಡಿಮೆಯಾದರೆ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆಯೇ ಹೊರತು, ಬಂದ ಕ್ಯಾನ್ಸರ್ ಅರ್ಧವಾಗುವುದಿಲ್ಲ. ಬರಲು ಎಷ್ಟೋ ವರ್ಷ ಹಿಡಿಯುತ್ತದೆ, ನಡುವೆ ಕೆಮ್ಮೂ ಇಲ್ಲ, ತಲೆನೋವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಒಂದನೇ ಗುಂಪಿನಲ್ಲಿ ಬೆಂಜೀನ್ ಅನ್ನು ಇಟ್ಟಿದೆ. ನಮ್ಮ ಅಡಿಕೆಯೂ ಅದೇ ಗುಂಪಿನಲ್ಲಿದೆ. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಹೇಳುವುದು ಸುಲಭವಲ್ಲ. ಆ ಮಾತು ಜಗಿಯುವುದರ ಬಗ್ಗೆ, ತೋಟದ ಕೆಲಸದ ಬಗ್ಗೆ ಅಲ್ಲ. ಗುಂಪಿನ ಅಂಕಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ವಸ್ತು ಎಷ್ಟು ತೀಕ್ಷ್ಣ ಎಂಬುದನ್ನಲ್ಲ. ಪರೀಕ್ಷೆಯಲ್ಲೂ ಕೆಲಸದಲ್ಲೂ ಎಷ್ಟೋ ಜನ ಎಡವುವುದು ಇಲ್ಲಿ.

ಇನ್ನು ಡಬ್ಬದ ಜೊತೆ ಬರುವ ಸೇಫ್ಟಿ ಡೇಟಾ ಶೀಟ್ ತೆಗೆದು ಎರಡನೇ ವಿಭಾಗದಲ್ಲಿ ಅಪಾಯ ತಿಳಿಸುವ H ಸಂಕೇತಗಳನ್ನು ನೋಡಿ. H336 ಎಂದಿದ್ದರೆ ಮಂಪರು, ತಲೆಸುತ್ತು. H373 ಇದ್ದರೆ ಮತ್ತೆ ಮತ್ತೆ ಸೋಕಿದರೆ ಅಂಗಗಳಿಗೆ ಹಾನಿಯಾಗಬಹುದು. H350 ಕ್ಯಾನ್ಸರ್. H317 ಚರ್ಮದ ಅಲರ್ಜಿ, H334 ಉಸಿರಾಟದ ಅಲರ್ಜಿ ಅಥವಾ ಆಸ್ತಮಾ. H334 ಕಂಡ ಕಡೆ ಕರವಸ್ತ್ರವೂ ಸಾಲದು, ಧೂಳಿನ ಮಾಸ್ಕೂ ಸಾಲದು. ಗಾಳಿ ಎಳೆದು ಹೊರಹಾಕುವ ಬೂತ್ ಬೇಕು, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು. ಸ್ಪ್ರೇ ನಿಲ್ಲಿಸಿದ ಮೇಲೆ ಫಿನಿಶಿಂಗ್ ನೋಡಲೆಂದು ಮುಖವಾಡ ಎತ್ತುವ ಅಭ್ಯಾಸವೊಂದಿದೆ. ಕಣ್ಣಿಗೆ ಕಾಣದ ಮಂಜು ಆಗ ಇನ್ನೂ ಅಲ್ಲೇ ಇರುತ್ತದೆ. ಬೂತ್ ಖಾಲಿಯಾಗಲು ಎಷ್ಟು ನಿಮಿಷ ಬೇಕೆಂದು ಹೊಗೆ ಬಿಟ್ಟು ನೋಡಿ, ಆ ನಿಮಿಷಗಳನ್ನು ಬಾಗಿಲ ಮೇಲೆ ಬರೆದಿಡಬೇಕು.

ಹುಡುಗನನ್ನು ಮೊದಲು ಡೆಂಟಿಂಗ್ ಕೆಲಸಕ್ಕೆ ಹಾಕಿದರು. ಅದೇ ಶೆಡ್ಡಿನ ಇನ್ನೊಂದು ಮೂಲೆ. ಯಾರೋ ಗನ್ ತೊಳೆದ ದಿನವೂ ರಾತ್ರಿ ಉಸಿರು ಬಿಗಿಯುತ್ತಿತ್ತು. ಕೊನೆಗೆ ಅವನು ಊರಿಗೆ ಹೊರಟುಹೋದ. ಈಗ ತೋಟ ನೋಡಿಕೊಳ್ಳುತ್ತಾನೆ, ಮಳೆಯಲ್ಲಿ ನೆನೆದರೂ ಕೆಮ್ಮಿಲ್ಲ. ಕಳೆದ ವರ್ಷ ಮನೆಯ ಗೇಟಿಗೆ ಯಾರೋ ಪಿಯು ಪೇಂಟ್ ಹೊಡೆಯಲು ಬಂದಾಗ, ಮೊದಲು ಹಾರ್ಡ್‌ನರ್ ಡಬ್ಬದ ಮೇಲಿನ ಅಕ್ಷರ ಓದಿ, ಅವರನ್ನು ವಾಪಸ್ ಕಳಿಸಿದನಂತೆ.