ಒಂದೇ ಉತ್ತರದ ಸುಡೊಕು: ಕಟ್ಟುವ ಬಗೆ, ತೂಗುವ ಬಗೆ

ಎಲ್ಲರಿಗೂ ನಮಸ್ಕಾರ. ಬೆಳಗಿನ ಕಾಫಿ ಲೋಟದ ಪಕ್ಕ ಪತ್ರಿಕೆಯ ಸುಡೊಕು ಪುಟವನ್ನು ಮಡಿಚಿಟ್ಟುಕೊಳ್ಳುವ ಮನೆಗಳು ನಮ್ಮ ಮೈಸೂರಿನಲ್ಲಿ ಬೇಕಾದಷ್ಟಿವೆ. ಅದನ್ನು ಬಿಡಿಸುವುದು ನಿಮಗೆಲ್ಲ ಗೊತ್ತು. ಇವತ್ತಿನ ಮಾತು ಅದನ್ನು ಕಟ್ಟುವವರ ಕಡೆಯದು. ಉತ್ತರ ಒಂದೇ ಇರುವಂತೆ ನೋಡಿಕೊಳ್ಳುವುದು ಹೇಗೆ, ‘ಸುಲಭ’, ‘ಕಠಿಣ’ ಅನ್ನುವ ಚೀಟಿ ಅಂಟಿಸುವುದು ಯಾವ ಆಧಾರದ ಮೇಲೆ?

ಖಾಲಿ ಚೌಕಕ್ಕೆ ಒಂದೊಂದೇ ಅಂಕಿ ಸೇರಿಸುತ್ತಾ ಸುಡೊಕು ಕಟ್ಟಲು ಹೋದರೆ ಕೈ ಸೋಲುತ್ತದೆ. ರೂಢಿಯಲ್ಲಿರುವುದು ಉಲ್ಟಾ ದಾರಿ: ಮೊದಲು 81 ಮನೆಗಳನ್ನೂ ಸರಿಯಾಗಿ ತುಂಬಿಕೊಳ್ಳುವುದು, ಆಮೇಲೆ ಅಂಕಿಗಳನ್ನು ಕೀಳುತ್ತಾ ಹೋಗುವುದು. ತುಂಬುವುದಕ್ಕೆ ಒಂದು ಸೋಮಾರಿ ಉಪಾಯವೂ ಇದೆ. ಮೇಲಿನ ಮೂರು ಸಾಲು ಹೀಗೆ ಬರೆಯಿರಿ:

```
1 2 3 | 4 5 6 | 7 8 9
4 5 6 | 7 8 9 | 1 2 3
7 8 9 | 1 2 3 | 4 5 6
```

ಮುಂದಿನ ಮೂರು ಸಾಲುಗಳನ್ನು ಇದೇ ಕ್ರಮದಲ್ಲಿ 2, 5, 8ರಿಂದ ಶುರುಮಾಡಿ, ಕೊನೆಯ ಮೂರನ್ನು 3, 6, 9ರಿಂದ. ಚೌಕ ತಪ್ಪಿಲ್ಲದೆ ತುಂಬುತ್ತದೆ. ಇದನ್ನೇ ಸಾಲು ಅದಲುಬದಲು ಮಾಡಿ, ಅಂಕಿಗಳ ಹೆಸರು ಬದಲಿಸಿ ‘ಹೊಸ’ ಸುಡೊಕು ಅನ್ನುವವರೂ ಇದ್ದಾರೆ. ಇದರ ಕುಂದು ಕೀಳಲು ಶುರುಮಾಡಿದ ಮೇಲೆ ಕಾಣುತ್ತದೆ.

ಮೊದಲೆರಡು ಸಾಲುಗಳಲ್ಲಿ 1, 4, 7ನೇ ಕಂಬಗಳನ್ನಷ್ಟೇ ನೋಡಿ. ಮೇಲೆ 1 4 7, ಕೆಳಗೆ 4 7 1. ಈ ಆರು ಮನೆಗಳನ್ನೂ ಖಾಲಿ ಮಾಡಿದಿರಿ ಅಂದುಕೊಳ್ಳಿ. ಬಿಡಿಸುವವರು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬರೆದರೂ ಸಾಲಿಗೆ ತೊಂದರೆಯಿಲ್ಲ, ಏಕೆಂದರೆ ಎರಡೂ ಸಾಲಿನಲ್ಲಿ ಇರುವುದು ಅದೇ ಮೂರು ಅಂಕಿ. ಕಂಬದಲ್ಲಿಯೂ ಪೆಟ್ಟಿಗೆಯಲ್ಲಿಯೂ ಎರಡಂಕಿ ಜಾಗ ಬದಲಿಸಿಕೊಂಡವು, ಅಷ್ಟೆ. ಅಲ್ಲಿಗೆ ಉತ್ತರ ಎರಡಾಯಿತು! ಉಳಿದ 75 ಮನೆಗಳಲ್ಲೂ ಅಂಕಿ ಕೊಟ್ಟಿದ್ದರೂ ಈ ತೊಂದರೆ ಹೋಗುವುದಿಲ್ಲ. ಆದ್ದರಿಂದ ಇಂಥ ಗುಂಪಿನಲ್ಲಿ ಒಂದಾದರೂ ಅಂಕಿ ಸುಳಿವಾಗಿ ಉಳಿಯಲೇಬೇಕು.

ಇನ್ನೂ ಒಂದು ಹೆಜ್ಜೆ ಹೋಗೋಣ. ಅದೇ ಮೂರು ಕಂಬಗಳಲ್ಲಿ ಮೂರನೇ ಸಾಲನ್ನೂ ಸೇರಿಸಿದರೆ ಒಂಬತ್ತು ಮನೆ. ಒಂದನೆಯ-ಎರಡನೆಯ, ಒಂದನೆಯ-ಮೂರನೆಯ, ಎರಡನೆಯ-ಮೂರನೆಯ ಸಾಲುಗಳ ಜೋಡಿ ಮೂರಕ್ಕೂ ಇದೇ ಆಟ ನಡೆಯುತ್ತದೆ. ಮೊದಲ ಸಾಲಿನಲ್ಲಿ ಒಂದು ಸುಳಿವು ಉಳಿಸಿದರೆ ಕೊನೆಯ ಜೋಡಿ ಬಾಕಿ. ಹಾಗಾಗಿ ಒಂಬತ್ತು ಮನೆಗೆ ಕನಿಷ್ಠ ಎರಡು ಸುಳಿವು ಬೇಕು. ಇಡೀ ಚೌಕ ಇಂಥ ಒಂಬತ್ತು ಗುಂಪುಗಳಾಗಿ ಒಡೆಯುತ್ತದೆ, ಒಂದಕ್ಕೊಂದು ಸೋಕದೆ. ಒಂಬತ್ತೆರಡ್ಲಿ ಹದಿನೆಂಟು. ಅಂದರೆ ಈ ಚೌಕದಿಂದ 18ಕ್ಕಿಂತ ಕಡಿಮೆ ಸುಳಿವಿನ ಸುಡೊಕು ಬರಲಾರದು, ಎಷ್ಟು ಕಲಸಿದರೂ ಅಷ್ಟೇ. ಜಗತ್ತಿನ ಯಾವ ಚೌಕಕ್ಕಾದರೂ ಕನಿಷ್ಠ 17 ಸುಳಿವು ಬೇಕೆಂದು ಗಣಿತಜ್ಞ ಗ್ಯಾರಿ ಮೆಗ್ವೈರ್ ಮತ್ತು ಸಂಗಡಿಗರು 2012ರಲ್ಲಿ ಕಂಪ್ಯೂಟರಿನಿಂದ ಎಲ್ಲ ಸಾಧ್ಯತೆ ಜಾಲಾಡಿ ತೋರಿಸಿದರು. ಅಲ್ಲಿಯೂ ಇಂಥ ಗುಂಪುಗಳದ್ದೇ ಕಾರುಬಾರು.

ಹಾಗಾಗಿ ಚೌಕವನ್ನು ಯಾದೃಚ್ಛಿಕವಾಗಿ ತುಂಬಿಸಿಕೊಳ್ಳಿ: ಮನೆಮನೆಗೆ ಅಂಕಿಗಳನ್ನು ಕಲಸಿದ ಕ್ರಮದಲ್ಲಿ ಇಟ್ಟು ನೋಡುವುದು, ಸಿಕ್ಕಿಬಿದ್ದರೆ ಹಿಂದಕ್ಕೆ ಬರುವುದು. ಕೀಳುವಾಗ ಪ್ರತಿ ಸಲ ಕೇಳಬೇಕಾದ ಪ್ರಶ್ನೆ ‘ಉತ್ತರ ಇದೆಯೇ’ ಅಲ್ಲ. ತುಂಬಿದ ಚೌಕದಿಂದಲೇ ಹೊರಟಿರುವಾಗ ಉತ್ತರ ಇದ್ದೇ ಇರುತ್ತದೆ. ‘ಎರಡನೆಯದು ಇದೆಯೇ’ ಅನ್ನುವುದೇ ಪ್ರಶ್ನೆ. ಹೊಸಬರು ಎಡವುವುದು ಇಲ್ಲೇ: ಮೊದಲ ಉತ್ತರ ಸಿಕ್ಕೊಡನೆ ನಿಲ್ಲುವ ಪ್ರೋಗ್ರಾಮನ್ನು ಇಲ್ಲಿಗೂ ಬಳಸಿಬಿಡುತ್ತಾರೆ. ಎಲ್ಲ ಉತ್ತರ ಎಣಿಸುವ ಅಗತ್ಯವೂ ಇಲ್ಲ, ಎರಡು ಸಿಕ್ಕರೆ ಸಾಕು.

```python
def count(g, limit=2):
    empty = [i for i in range(81) if g[i] == 0]
    if not empty:
        return 1
    i = min(empty, key=lambda k: len(cands(g, k)))
    n = 0
    for d in cands(g, i):
        g[i] = d
        n += count(g, limit - n)
        if n >= limit:
            break
    g[i] = 0
    return n
```

ಇಲ್ಲಿ `cands` ಎಂದರೆ ಆ ಮನೆಯ ಸಾಲು, ಕಂಬ, ಪೆಟ್ಟಿಗೆಯಲ್ಲಿ ಇನ್ನೂ ಬರದ ಅಂಕಿಗಳ ಪಟ್ಟಿ. ಅತಿ ಕಡಿಮೆ ಆಯ್ಕೆಯಿರುವ ಮನೆಯನ್ನು ಮೊದಲು ಹಿಡಿಯುವ `min` ಸಾಲಿನ ಬದಲು `i = empty[0]` ಎಂದು ಬರೆದರೂ ಉತ್ತರ ಕೆಡುವುದಿಲ್ಲ, ಆದರೆ ಕೆಲವು ಚೌಕಗಳಲ್ಲಿ ಕಾದೂ ಕಾದೂ ಸಾಕಾಗುತ್ತದೆ.

81 ಮನೆಗಳ ಪಟ್ಟಿ ಕಲಸಿ, ಒಂದೊಂದಾಗಿ ಕಿತ್ತು, `count` 2 ಎಂದರೆ ಆ ಅಂಕಿಯನ್ನು ಅಲ್ಲೇ ವಾಪಸು ಇಡಿ. ಹಾಗೆ ವಾಪಸು ಇಟ್ಟದ್ದನ್ನು ಮತ್ತೆ ಪರೀಕ್ಷಿಸಬೇಕಿಲ್ಲ, ಏಕೆಂದರೆ ಮುಂದೆ ಸುಳಿವು ಕಡಿಮೆಯಾದಂತೆ ಉತ್ತರಗಳು ಹೆಚ್ಚಬಹುದೇ ಹೊರತು ತಗ್ಗುವುದಿಲ್ಲ. ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ, ಉಳಿಯುವುದು ಸಾಮಾನ್ಯವಾಗಿ ಇಪ್ಪತ್ತನಾಲ್ಕರ ಆಸುಪಾಸಿನ ಸುಳಿವು. ರಂಗೋಲಿಯಂತೆ ಎದುರುಬದುರು ಸರಿಹೊಂದಬೇಕು ಎಂದರೆ ಮನೆಗಳನ್ನು ಜೋಡಿಯಾಗಿ ಕೀಳಬೇಕು. ಆಗ ಜೋಡಿಯಲ್ಲಿ ಒಂದು ಅಂಕಿ ಅನಗತ್ಯವಾದರೂ ಇನ್ನೊಂದರ ದಾಕ್ಷಿಣ್ಯಕ್ಕೆ ಉಳಿದುಬಿಡುತ್ತದೆ.

ಇನ್ನು ತೂಗುವ ಕೆಲಸ. ಸುಳಿವು ಕಡಿಮೆ ಎಂದರೆ ಕಷ್ಟ ಎನ್ನುವ ನಂಬಿಕೆಯನ್ನು ಇಲ್ಲೇ ಬಿಟ್ಟುಬಿಡಿ. 17 ಸುಳಿವಿನವುಗಳಲ್ಲಿ ಎಷ್ಟೋ ಸಲೀಸಾಗಿ ಬಿಡುತ್ತವೆ, 25 ಸುಳಿವಿನದು ಜೀವ ಹಿಂಡಬಹುದು. ಮೇಲಿನ ಪ್ರೋಗ್ರಾಮು ಎಷ್ಟು ಸಲ ಹಿಂದಕ್ಕೆ ಬಂತು ಎಂಬ ಲೆಕ್ಕವೂ ಕೆಲಸಕ್ಕೆ ಬಾರದು. ಅದು ಊಹಿಸಿ ನೋಡುತ್ತದೆ, ಪೆನ್ಸಿಲ್ ಹಿಡಿದವರು ತರ್ಕ ಮಾಡುತ್ತಾರೆ.

ಬೇಕಾದದ್ದು ಮನುಷ್ಯರಂತೆ ಬಿಡಿಸುವ ಎರಡನೆಯ ಪ್ರೋಗ್ರಾಮು. ಅದಕ್ಕೆ ಉಪಾಯಗಳ ಏಣಿಯೊಂದನ್ನು ಕೊಡಬೇಕು. ಇಲ್ಲೊಂದು ತಮಾಷೆ: ‘ಈ ಮನೆಗೆ ಒಂದೇ ಅಂಕಿ ಸಾಧ್ಯ’ ಎನ್ನುವುದು ಕಂಪ್ಯೂಟರಿಗೆ ಅತಿ ಸುಲಭ. ಕಣ್ಣಿಗೆ ಸುಲಭವಾದದ್ದು ‘ಈ ಪೆಟ್ಟಿಗೆಯಲ್ಲಿ 5ಕ್ಕೆ ಇದೊಂದೇ ಜಾಗ’ ಎನ್ನುವುದು. ಅಕ್ಕಪಕ್ಕದ ಸಾಲು, ಕಂಬಗಳಲ್ಲಿರುವ 5ರಿಂದ ಗೆರೆ ಎಳೆದುಕೊಂಡರೆ ಸಾಕು, ಜಾಗ ಎದ್ದು ಕಾಣುತ್ತದೆ. ಮೊದಲನೆಯದಕ್ಕೆ ಸಾಲು, ಕಂಬ, ಪೆಟ್ಟಿಗೆ ಮೂರರಿಂದಲೂ ಸೇರಿ ಎಂಟು ಬೇರೆಬೇರೆ ಅಂಕಿ ಹೆಕ್ಕಬೇಕು. ಸುಡೊಕು ಎಕ್ಸ್‌ಪ್ಲೇನರ್ ಎಂಬ ಪ್ರಸಿದ್ಧ ತಂತ್ರಾಂಶ ಇದನ್ನು ಸರಿಯಾಗಿ ಹಿಡಿದಿದೆ: ಪೆಟ್ಟಿಗೆಯಲ್ಲಿ ಅಂಕಿಗೆ ಒಂದೇ ಜಾಗ ಎಂದರೆ 1.2, ಸಾಲು ಅಥವಾ ಕಂಬದಲ್ಲಾದರೆ 1.5, ಮನೆಗೆ ಒಂದೇ ಅಂಕಿ ಎಂದರೆ 2.3. ಅದರ ಮೇಲೆ ಜೋಡಿ, ಎಕ್ಸ್-ವಿಂಗ್ ಮುಂತಾದವು. ಇಡೀ ಸುಡೊಕುವಿಗೆ ಬೇಕಾದ ಅತಿ ಕಠಿಣ ಹೆಜ್ಜೆಯ ಅಂಕವೇ ಅದರ ಅಂಕ.

ಆದರೆ ಬರೀ ಎತ್ತರದ ಮೆಟ್ಟಿಲನ್ನೇ ನೋಡಿದರೆ ಚಾಮುಂಡಿ ಬೆಟ್ಟ ಹತ್ತುವವರ ಸುಸ್ತು ತಿಳಿಯದು. ಎರಡು ಸುಡೊಕುಗಳೂ 1.5 ಆಗಿರಬಹುದು. ಒಂದರಲ್ಲಿ ಯಾವಾಗ ನೋಡಿದರೂ ಎಂಟು-ಹತ್ತು ಮನೆ ತುಂಬಲು ಸಿದ್ಧ, ಇನ್ನೊಂದರಲ್ಲಿ ಅರ್ಧದಾರಿಯಲ್ಲಿ ಇಡೀ ಚೌಕಕ್ಕೆ ಒಂದೇ ಒಂದು ತೆರೆದ ಮನೆ. ಹುಡುಕಾಟವೆಲ್ಲ ಅಲ್ಲಿದೆ. ಆದ್ದರಿಂದ ಪ್ರತಿ ಹಂತದಲ್ಲೂ ಎಷ್ಟು ಮನೆ ತೆರೆದಿವೆ ಎಂದು ಬರೆದಿಟ್ಟುಕೊಂಡು, ಒಂದು-ಎರಡಕ್ಕೆ ಇಳಿದ ಕಡೆಗಳನ್ನು ಎಣಿಸಬೇಕು.

ತೂಗುವ ಪ್ರೋಗ್ರಾಮು ಕೆಡುವ ಜಾಗ ಎರಡು. ಕಠಿಣ ಉಪಾಯ ಒಮ್ಮೆ ಫಲ ಕೊಟ್ಟ ಕೂಡಲೇ ಏಣಿಯ ತಳಕ್ಕೆ ಮರಳಬೇಕು. ಮರಳದೆ ಅಲ್ಲೇ ಮುಂದುವರಿದರೆ ಸುಲಭದ ಸುಡೊಕುವಿಗೂ ದೊಡ್ಡ ಅಂಕ ಬೀಳುತ್ತದೆ. ಎರಡನೆಯದು, ಒಂದೇ ಮಟ್ಟದಲ್ಲಿ ಹಲವು ಹೆಜ್ಜೆಗಳಿದ್ದಾಗ ಎಡಮೇಲಿನಿಂದ ಮೊದಲು ಕಂಡದ್ದನ್ನೇ ಹಿಡಿಯುವುದು. ಹಿಡಿದ ಹೆಜ್ಜೆಯ ಮೇಲೆ ಮುಂದಿನ ದಾರಿ ಬದಲಾಗುತ್ತದೆ. ಅದಕ್ಕೆ ಆ ಮಟ್ಟದ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೇ ಇಟ್ಟುಬಿಡಿ. ಸರಿಯಾಯಿತೇ ಎಂದು ತಿಳಿಯಲು ಅದೇ ಸುಡೊಕುವನ್ನು ಕಾಲು ಸುತ್ತು ತಿರುಗಿಸಿ, 1ನ್ನು 7 ಎಂದೂ 7ನ್ನು 1 ಎಂದೂ ಬದಲಿಸಿ ಮತ್ತೆ ತೂಗಿ ನೋಡಿ. ಅಂಕ ಒಂದು ಚೂರು ಹೆಚ್ಚುಕಡಿಮೆಯಾದರೂ ನಿಮ್ಮ ತಕ್ಕಡಿ ತೂಗುತ್ತಿರುವುದು ಸುಡೊಕುವನ್ನಲ್ಲ, ಅದನ್ನು ಓದುವ ಕ್ರಮವನ್ನು.