ಸಂಜೆ 6ರಿಂದ ರಾತ್ರಿ 10ರವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕರೆಂಟ್ ಬಿಲ್ಲಿನ ಬಗ್ಗೆ. ಕೈಗೆ ಸಿಗುವ ಹಾಗೆ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡರೆ ಒಳ್ಳೆಯದು. ಲೆಕ್ಕ ಸ್ವಲ್ಪ ಇದೆ, ಆದರೆ ಕೂಡು-ಕಳೆ, ಗುಣಿಸು-ಭಾಗಿಸು ಬಂದರೆ ಸಾಕು.

ಹೋದ ವರ್ಷ ನಮ್ಮಕ್ಕ ಫೋನ್ ಮಾಡಿದಳು. ಅವಳ ಮನೆಗೆ ಹೊಸ ಪ್ಲಾನ್ ಒಂದರ ಕಾಗದ ಬಂದಿತ್ತು. ಹಳೆಯ ಪ್ಲಾನಿನಲ್ಲಿ ಹಗಲು ರಾತ್ರಿ ಎಲ್ಲಾ ಒಂದೇ ದರ. ಹೊಸದರಲ್ಲಿ ಹೊತ್ತಿಗೆ ತಕ್ಕ ದರ. ಸಂಜೆ 6ರಿಂದ ರಾತ್ರಿ 10ರವರೆಗೆ ದುಬಾರಿ, ಉಳಿದ ಹೊತ್ತಿನಲ್ಲಿ ಅಗ್ಗ. "ನೋಡೋ, ದಿನದಲ್ಲಿ 20 ಗಂಟೆ ಅಗ್ಗ, ಬರೀ 4 ಗಂಟೆ ಜಾಸ್ತಿ. ಇನ್ನೇನು ಯೋಚನೆ ಮಾಡೋದು? ಬದಲಾಯಿಸಿಬಿಡ್ತೀನಿ" ಅಂದಳು. ನಾನು ಅಂದೆ, "ಅಕ್ಕ, ಎರಡು ವಾರ ತಡಿ. ಮೊದಲು ಮೀಟರ್ ನೋಡೋಣ."

ಯಾಕೆ ತಡಿ ಅಂದೆ ಅಂತ ಹೇಳುತ್ತೇನೆ. ಕರೆಂಟನ್ನು ನಾವು ಗಂಟೆ ಲೆಕ್ಕದಲ್ಲಿ ಕೊಳ್ಳುವುದಿಲ್ಲ, ಯೂನಿಟ್ ಲೆಕ್ಕದಲ್ಲಿ ಕೊಳ್ಳುತ್ತೇವೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಗಂಟೆಗಳು ಸುಮ್ನೆ ಕಳೆದುಹೋಗುತ್ತವೆ. ಓಡುತ್ತಿರುವುದು ಫ್ರಿಜ್ ಒಂದೇ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ದೀಪ, ಟಿವಿ, ಅಡುಗೆಮನೆ, ಗೀಸರ್ ಎಲ್ಲಾ ಒಟ್ಟಿಗೆ ಶುರು. ಆ 4 ಗಂಟೆ ದಿನದ ಆರನೇ ಒಂದು ಭಾಗ. ಆದರೆ ನಿಮ್ಮ ಯೂನಿಟ್‌ಗಳಲ್ಲಿ ಅದರ ಪಾಲು ಎಷ್ಟು? ಪ್ಲಾನ್ ಬದಲಾಯಿಸಬೇಕೋ ಬೇಡವೋ ಎಂಬುದನ್ನು ಆ ಪಾಲು ಹೇಳುತ್ತದೆ.

ಈಗ ಅಂಕಿಗಳಿಗೆ ಬರೋಣ. ಹಣವನ್ನು ಇಲ್ಲಿ ಬರೀ ಕಾಸು ಎಂದು ಕರೆಯುತ್ತೇನೆ. ನಿಮ್ಮ ಬಿಲ್ಲಿನಲ್ಲಿರುವ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ. ಹಳೆಯ ಪ್ಲಾನಿನಲ್ಲಿ ತಿಂಗಳ ನಿಗದಿತ ಶುಲ್ಕ 100 ಕಾಸು, ಯೂನಿಟ್‌ಗೆ 8. ಹೊಸ ಪ್ಲಾನಿನಲ್ಲಿ ನಿಗದಿತ ಶುಲ್ಕ 160. ಪೀಕ್ ಹೊತ್ತಿನಲ್ಲಿ, ಅಂದರೆ ಸಂಜೆ 6ರಿಂದ 10ರವರೆಗೆ, ಯೂನಿಟ್‌ಗೆ 14. ಉಳಿದ ಹೊತ್ತಿನಲ್ಲಿ ಯೂನಿಟ್‌ಗೆ 6.

ಈ ಅಂಕಿಗಳನ್ನು ನಿಧಾನವಾಗಿ ನೋಡಿ. ಅಗ್ಗದ ಹೊತ್ತಿನಲ್ಲಿ ಒಂದು ಯೂನಿಟ್ ಬಳಸಿದರೆ ಹಳೆಯ ಪ್ಲಾನಿಗಿಂತ 2 ಕಾಸು ಉಳಿಯುತ್ತದೆ. ಪೀಕ್ ಹೊತ್ತಿನಲ್ಲಿ ಒಂದು ಯೂನಿಟ್ ಬಳಸಿದರೆ 6 ಕಾಸು ಹೆಚ್ಚು ಹೋಗುತ್ತದೆ. ಅಂದರೆ ಮೂರು ಯೂನಿಟ್‌ನಲ್ಲಿ ಉಳಿಸಿದ್ದನ್ನು ಒಂದೇ ಒಂದು ಪೀಕ್ ಯೂನಿಟ್ ತಿಂದುಹಾಕುತ್ತದೆ. ಹಾಗಾಗಿ ನಾಲ್ಕು ಯೂನಿಟ್‌ನಲ್ಲಿ ಒಂದು ಪೀಕ್‌ನಲ್ಲಿದ್ದರೆ ಎರಡೂ ಪ್ಲಾನ್ ಸರಿಸಮ. ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೊಸದು ಲಾಭ. ಜೊತೆಗೆ ನಿಗದಿತ ಶುಲ್ಕದ ವ್ಯತ್ಯಾಸ 60 ಕಾಸು ಬೇರೆ ಇದೆ. ಅದನ್ನು ತುಂಬಿಕೊಳ್ಳುವುದಕ್ಕೇ ತಿಂಗಳ ಮೊದಲ 30 ಅಗ್ಗದ ಯೂನಿಟ್‌ಗಳ ಉಳಿತಾಯ ಬೇಕು.

ಅಕ್ಕನ ಮನೆಯ ಬಳಕೆ ತಿಂಗಳಿಗೆ 300 ಯೂನಿಟ್. ಹಳೆಯ ಪ್ಲಾನಿನಲ್ಲಿ 300ನ್ನು 8ರಿಂದ ಗುಣಿಸಿದರೆ 2,400, ಶುಲ್ಕ ಸೇರಿ 2,500. ಹೊಸ ಪ್ಲಾನಿನಲ್ಲಿ ಎಲ್ಲಾ ಯೂನಿಟ್ ಅಗ್ಗದ ಹೊತ್ತಿನವೇ ಅಂದುಕೊಂಡರೆ 1,800, ಶುಲ್ಕ ಸೇರಿ 1,960. ಅದರ ಮೇಲೆ ಪ್ರತಿ ಪೀಕ್ ಯೂನಿಟ್‌ಗೆ 8 ಕಾಸು ಸೇರಿಸಬೇಕು, ಯಾಕೆಂದರೆ 14ಕ್ಕೂ 6ಕ್ಕೂ ವ್ಯತ್ಯಾಸ 8. ಎರಡು ಬಿಲ್ಲುಗಳ ನಡುವೆ ಇರುವುದು 540 ಕಾಸು. ಅದನ್ನು 8ರಿಂದ ಭಾಗಿಸಿದರೆ 67 ಚಿಲ್ಲರೆ ಯೂನಿಟ್. ಇದೇ ಗಡಿ. ತಿಂಗಳಲ್ಲಿ 67 ಯೂನಿಟ್ ಒಳಗೆ ಪೀಕ್ ಬಳಕೆ ಇದ್ದರೆ ಬದಲಾಯಿಸಬಹುದು. ಮೀರಿದರೆ ಹಳೆಯದೇ ವಾಸಿ.

ಚಿಕ್ಕ ಸಂಸಾರದವರು, ತಿಂಗಳಿಗೆ 80 ಯೂನಿಟ್ ಮಾತ್ರ ಬಳಸುವವರು, ಇದೇ ಲೆಕ್ಕ ಹಾಕಿದರೆ ಗಡಿ 12 ಯೂನಿಟ್‌ಗೆ ಇಳಿಯುತ್ತದೆ. 24 ಗಂಟೆಯೂ ಒಂದೇ ಸಮ ಕರೆಂಟ್ ಬಳಸಿದರೂ ಪೀಕ್‌ನಲ್ಲಿ 13 ಯೂನಿಟ್ ದಾಟುತ್ತದೆ. ಅಂಥ ಮನೆಗೆ ಈ ಪ್ಲಾನ್ ಹೊಂದುವುದೇ ಕಷ್ಟ. ದರ ಚೆನ್ನಾಗಿದ್ದರೂ ನಿಗದಿತ ಶುಲ್ಕ ಬಿಡುವುದಿಲ್ಲ.

ಸರಿ, ಪೀಕ್ ಬಳಕೆ ಗೊತ್ತಾಗುವುದು ಹೇಗೆ? ಸ್ಮಾರ್ಟ್ ಮೀಟರ್ ಇದ್ದರೆ ಅರ್ಧ ಗಂಟೆಗೆ ಅಥವಾ ಕಾಲು ಗಂಟೆಗೆ ಒಂದು ಲೆಕ್ಕ ಸಿಗುತ್ತದೆ. ಕರೆಂಟ್ ಕಂಪನಿಯ ಆ್ಯಪ್‌ನಲ್ಲಿ ಅದನ್ನು ನೋಡಬಹುದು. ಇಲ್ಲದಿದ್ದರೆ ಮೀಟರ್ ಮುಂದೆ ನಿಲ್ಲಬೇಕು, ಅಷ್ಟೇ. ಅಕ್ಕ ಹಾಗೇ ಮಾಡಿದಳು. ದಿನಾ ಸಂಜೆ 6ಕ್ಕೆ ಒಂದು ರೀಡಿಂಗ್, ರಾತ್ರಿ 10ಕ್ಕೆ ಒಂದು ರೀಡಿಂಗ್. ಚುಕ್ಕಿಯ ನಂತರದ ಅಂಕಿಯನ್ನೂ ಬಿಡದೆ ಬರೆದಳು. 14 ದಿನ ನಡೆಯಿತು. ಒಂದು ವಾರ ಸಾಲದು, ಯಾಕೆಂದರೆ ಒಂದು ಭಾನುವಾರ ನೆಂಟರು ಬಂದರೆ ಲೆಕ್ಕವೇ ತಲೆಕೆಳಗಾಗುತ್ತದೆ.

ಇಲ್ಲಿ ಒಂದು ಎಚ್ಚರ. ತಿಂಗಳ ಬಳಕೆಯನ್ನು ಹಳೆಯ ಬಿಲ್ಲಿನಿಂದ ತೆಗೆಯುವಾಗ ಅದು ನಿಜವಾದ ರೀಡಿಂಗೋ ಅಂದಾಜು ರೀಡಿಂಗೋ ನೋಡಿ. ಬಾಗಿಲು ಹಾಕಿದ್ದರೆ ಅಂದಾಜಿನ ಮೇಲೆ ಬಿಲ್ ಮಾಡಿರುತ್ತಾರೆ. ಎಷ್ಟು ದಿನದ ಬಿಲ್ ಅನ್ನುವುದನ್ನೂ ನೋಡಿ. ಒಂದು ಬಿಲ್ 28 ದಿನದ್ದು, ಇನ್ನೊಂದು 33 ದಿನದ್ದು ಇರಬಹುದು. ದಿನಕ್ಕೆ ಎಷ್ಟು ಯೂನಿಟ್ ಅಂತ ಭಾಗಿಸಿಕೊಂಡು ಹೋಲಿಸುವುದು ಸರಿ.

ಅಕ್ಕನ ಚೀಟಿ ಹೀಗಿತ್ತು. 14 ದಿನದಲ್ಲಿ ಒಟ್ಟು 140 ಯೂನಿಟ್. ಅದರಲ್ಲಿ ಸಂಜೆ 6ರಿಂದ 10ರ ಒಳಗೆ 45. ಅಂದರೆ ನೂರಕ್ಕೆ 32ರಷ್ಟು. ತಿಂಗಳಿಗೆ ಹಿಡಿದರೆ 96 ಯೂನಿಟ್. ಗಡಿ 67, ಇವಳದ್ದು 96. ಆಗಲೇ ಬದಲಾಯಿಸಿಬಿಟ್ಟಿದ್ದರೆ ಬಿಲ್ 2,728 ಬರುತ್ತಿತ್ತು. ತಿಂಗಳಿಗೆ 228 ಕಾಸು ಸುಮ್ನೆ ನಷ್ಟ. "ಅಯ್ಯೋ, 20 ಗಂಟೆ ಅಗ್ಗ ಅಂತ ಹಾರಿಬಿಡ್ತಿದ್ದೆನಲ್ಲೋ" ಅಂದಳು.

ಇಲ್ಲಿಗೆ ಬಿಡಬಹುದಿತ್ತು. ಆದರೆ ನನಗೆ ಆ 96ರೊಳಗೆ ಏನಿದೆ ಅಂತ ನೋಡುವ ಆಸೆ. ಫ್ರಿಜ್ ಅನ್ನು ಅಲ್ಲಾಡಿಸುವ ಹಾಗಿಲ್ಲ. ದೀಪ, ಟಿವಿ, ಅಡುಗೆ, ಮಕ್ಕಳ ಓದು ಇವನ್ನೂ ರಾತ್ರಿ 10ರ ಮೇಲೆ ಮಾಡಿ ಅಂತ ಹೇಳಬಾರದು. ಹಾಗೆ ಹೇಳುವ ಲೆಕ್ಕ ಒಂದು ವಾರವೂ ಉಳಿಯುವುದಿಲ್ಲ. ಸಿಕ್ಕಿದ್ದು ಗೀಸರ್. 2 ಕಿಲೋವ್ಯಾಟ್‌ನದ್ದು. ಸಂಜೆ 7ಕ್ಕೆ ಸ್ನಾನ, ದಿನಕ್ಕೆ ಮುಕ್ಕಾಲು ಗಂಟೆ ಓಡುತ್ತಿತ್ತು. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಪೀಕ್ ಬಳಕೆಯಲ್ಲಿ ಹತ್ತಿರ ಹತ್ತಿರ ಅರ್ಧ ಇದೇ.

ಹಾಗಾದರೆ ಸ್ನಾನದ ಹೊತ್ತು ಬದಲಾಗಬೇಕಾ? ಬೇಡ. ಅವರದ್ದು ಟ್ಯಾಂಕ್ ಇರುವ ಗೀಸರ್. ಟ್ಯಾಂಕಿನ ಸುತ್ತ ಶಾಖ ಹೊರಗೆ ಹೋಗದಂತೆ ಪದರ ಇರುತ್ತದೆ. ಸಂಜೆ 5ಕ್ಕೆ ಕಾದ ನೀರು 7ಕ್ಕೂ ಬಿಸಿಯಾಗೇ ಇರುತ್ತದೆ. ತೊಂದರೆ ಇರುವುದು ಬೇರೆ ಕಡೆ. ಬಿಸಿನೀರು ಖಾಲಿಯಾಗುತ್ತಾ ಹೋದ ಹಾಗೆ ತಣ್ಣೀರು ಒಳಗೆ ಬರುತ್ತದೆ, ತಕ್ಷಣ ಕಾಯಿಸುವುದು ಶುರುವಾಗುತ್ತದೆ. ಸರಿಯಾಗಿ ಪೀಕ್ ಹೊತ್ತಿನಲ್ಲೇ. ಆದ್ದರಿಂದ ಸಂಜೆ 5ಕ್ಕೆ ಹಾಕಿ 6ಕ್ಕೆ ಆರಿಸುವ ಟೈಮರ್ ಬೇಕು. ಅಗ್ಗದ ಪ್ಲಗ್ ಟೈಮರ್ ತಂದು ಸಿಕ್ಕಿಸಬೇಡಿ. ಗೀಸರ್ ಎಳೆಯುವ ಕರೆಂಟ್ ತುಂಬಾ ಹೆಚ್ಚು, ಪ್ಲಗ್ ಸುಟ್ಟುಹೋಗಬಹುದು. ಆ ಹೊರೆ ತಡೆಯುವ ಟೈಮರನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಟ್ಯಾಂಕ್ ಇಲ್ಲದೆ ನಲ್ಲಿ ತಿರುಗಿಸಿದಾಗ ಮಾತ್ರ ಕಾಯಿಸುವ ಗೀಸರ್ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಟ್ಯಾಂಕ್ ತೀರಾ ಚಿಕ್ಕದಿದ್ದು ಸ್ನಾನಕ್ಕೆ ನಾಲ್ಕು ಜನ ಇದ್ದರೂ ನಡೆಯುವುದಿಲ್ಲ. ಕೊನೆಯವರಿಗೆ ತಣ್ಣೀರೇ ಗತಿ.

96ರಲ್ಲಿ 45 ಕಳೆದರೆ 51. ಬಿಲ್ 2,368. ಹಳೆಯದಕ್ಕಿಂತ 132 ಕಾಸು ಕಡಿಮೆ. ಒಂದೇ ಮನೆ, ಅದೇ 300 ಯೂನಿಟ್. ಬದಲಾಗಿದ್ದು ಕಾಯಿಸುವ ಹೊತ್ತು ಮಾತ್ರ.

ಆದರೆ ಬೇಸಿಗೆಯನ್ನು ಮರೆಯುವ ಹಾಗಿಲ್ಲ. ಆ ಮೂರು ತಿಂಗಳು ಅವರ ಮನೆಯಲ್ಲಿ ಎಸಿ ಓಡುತ್ತದೆ, ಬಳಕೆ 420ಕ್ಕೆ ಏರುತ್ತದೆ. ರಾತ್ರಿ 8ಕ್ಕೇ ಹಾಕುವುದರಿಂದ ಪೀಕ್‌ನಲ್ಲಿ 120 ಯೂನಿಟ್ ಆಗಬಹುದು ಅಂತ ಹಿಡಿದೆವು. ಹಳೆಯ ಪ್ಲಾನಿನಲ್ಲಿ 3,460, ಹೊಸದರಲ್ಲಿ 3,640. ತಿಂಗಳಿಗೆ 180 ನಷ್ಟ. ವರ್ಷಕ್ಕೆ ಕೂಡಿಸಿದೆವು. ಒಂಬತ್ತು ತಿಂಗಳು 132ರಂತೆ 1,188 ಲಾಭ. ಮೂರು ತಿಂಗಳು 180ರಂತೆ 540 ನಷ್ಟ. ಉಳಿಯುವುದು 648 ಕಾಸು. ಟೈಮರ್ ಮತ್ತು ಕೂಲಿ ಅದರಲ್ಲಿ ಹೋಗಬೇಕು. ಅಕ್ಕನ ಲೆಕ್ಕಕ್ಕೆ ಆ ಖರ್ಚು 300 ಆಯಿತು. ಮೊದಲ ವರ್ಷ 348 ಉಳಿದರೆ ಸಾಕು ಅಂದಳು. ಒಳ್ಳೆಯ ತಿಂಗಳ ಬಿಲ್ ಒಂದನ್ನೇ ಹಿಡಿದು 12ರಿಂದ ಗುಣಿಸಿದ್ದರೆ 1,584 ಅಂತ ಕನಸು ಕಾಣುತ್ತಿದ್ದೆವು.

ಬದಲಾಯಿಸುವ ಮುಂಚೆ ಕಾಗದದಲ್ಲಿ ಮೂರು ವಿಷಯ ಹುಡುಕಿದೆವು. ಭಾನುವಾರಕ್ಕೂ ಪೀಕ್ ದರ ಇದೆಯಾ? ಈ ದರ ಎಷ್ಟು ತಿಂಗಳಿಗೆ ಖಾತ್ರಿ? ಬೇಡವಾದರೆ ಹಳೆಯದಕ್ಕೆ ವಾಪಸ್ ಬರಲು ಏನಾದರೂ ಕಟ್ಟಬೇಕಾ? ಕೆಲವು ಪ್ಲಾನ್‌ಗಳಲ್ಲಿ ರಜಾದಿನಕ್ಕೆ ಪೀಕ್ ಇರುವುದಿಲ್ಲ, ಆಗ ಲೆಕ್ಕ ಇನ್ನೂ ಚೆನ್ನಾಗುತ್ತದೆ. ಅಕ್ಕನದ್ದರಲ್ಲಿ ಆ ಭಾಗ್ಯ ಇರಲಿಲ್ಲ. ವಾಪಸ್ ಬರಲು ಮಾತ್ರ ಶುಲ್ಕ ಇರಲಿಲ್ಲ.

ಮೊದಲ ತಿಂಗಳ ಬಿಲ್ ಬಂತು. ಪೀಕ್ ಕಾಲಂನಲ್ಲಿ 51ರ ಬದಲು 71 ಯೂನಿಟ್. ಗಡಿ ದಾಟಿದೆ, 28 ಕಾಸು ನಷ್ಟ. ಅಕ್ಕನಿಗೆ ಬೇಜಾರು. ಮೀಟರ್ ತಪ್ಪಿದೆಯಾ ಅಂತ ಭಾವನಿಗೆ ಅನುಮಾನ. ನಾನು ಹೋಗಿ ಮೊದಲು ಟೈಮರ್ ನೋಡಿದೆ. ತಿರುಗುವ ಮುಳ್ಳಿನ ಟೈಮರ್ ಅದು, ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದಾಗಲೆಲ್ಲಾ ಅದೂ ನಿಂತುಬಿಡುತ್ತದೆ. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ತಿಂಗಳಲ್ಲಿ ಅಷ್ಟಷ್ಟೇ ಹಿಂದೆ ಬಿದ್ದು, ಗೋಡೆ ಗಡಿಯಾರದಲ್ಲಿ ಆರೂಕಾಲು ಆಗಿದ್ದಾಗ ಅದರಲ್ಲಿ ಇನ್ನೂ 5 ಗಂಟೆ. ಅಂದರೆ ನೀರು ಕಾಯುತ್ತಿದ್ದದ್ದೇ ಪೀಕ್‌ನಲ್ಲಿ.

ಬ್ಯಾಟರಿ ಇರುವ ಟೈಮರ್‌ಗೆ ಬದಲಾಯಿಸಿದೆವು. ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಂಡರು. ಮುಂದಿನ ಬಿಲ್ಲಿನಲ್ಲಿ ಪೀಕ್ 53 ಯೂನಿಟ್, ಮೊತ್ತ 2,384. ಅಕ್ಕ ಈಗಲೂ ತಿಂಗಳಿಗೊಮ್ಮೆ, ಬಿಲ್ ಬಂದ ದಿನ, ಟೈಮರಿನ ಹೊತ್ತನ್ನು ಗೋಡೆ ಗಡಿಯಾರದ ಜೊತೆ ಹೋಲಿಸಿ ನೋಡುತ್ತಾಳೆ.

ನಮಸ್ಕಾರ.